ಪ್ಯಾಚ್ ಬಂದಿದೆ, ಹಳೆಯ ಫೋನಿಗಲ್ಲ

2023ರ ಡಿಸೆಂಬರ್ ಮೊದಲ ವಾರದಲ್ಲಿ ಮಾರ್ಕ್ ನ್ಯೂಲಿನ್ ಎಂಬ ಭದ್ರತಾ ಸಂಶೋಧಕ ತಾವು ಕಂಡುಹಿಡಿದಿದ್ದ ಬ್ಲೂಟೂತ್ ದೋಷವೊಂದನ್ನು ಬಹಿರಂಗಪಡಿಸಿದರು. `CVE-2023-45866` ಎಂಬುದು ಅದರ ಸಂಖ್ಯೆ. ಹತ್ತಿರದಲ್ಲಿ ಕುಳಿತ ಯಾರಾದರೂ ಸಾಮಾನ್ಯ ಬ್ಲೂಟೂತ್ ಅಡಾಪ್ಟರ್ ಇರುವ ಲ್ಯಾಪ್‌ಟಾಪ್‌ನಿಂದ ‘ನಾನೊಂದು ಕೀಬೋರ್ಡ್’ ಎಂದು ಫೋನಿಗೆ ಹೇಳಿದರೆ, ಫೋನು ತನ್ನ ಯಜಮಾನನನ್ನು ಕೇಳದೆಯೇ ಅದನ್ನು ಜೋಡಿಸಿಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ಆ ಸುಳ್ಳು ಕೀಬೋರ್ಡ್ ಒತ್ತಿದ ಕೀಲಿಗಳೆಲ್ಲ ನೀವೇ ಒತ್ತಿದಂತೆ. ಆಂಡ್ರಾಯ್ಡ್‌ನಲ್ಲಿ ಈ ದಾಳಿಗೆ ಬೇಕಿದ್ದುದು ಒಂದೇ, ಬ್ಲೂಟೂತ್ ಆನ್ ಆಗಿರುವುದು.

ಗೂಗಲ್‌ಗೆ ಈ ವಿಷಯ ಆಗಸ್ಟ್‌ನಲ್ಲೇ ತಿಳಿದಿತ್ತು. ಆಂಡ್ರಾಯ್ಡ್ 11ರಿಂದ 14ರವರೆಗಿನ ಆವೃತ್ತಿಗಳಿಗೆ ಪರಿಹಾರ ಸಿದ್ಧವಾಗಿ, ಡಿಸೆಂಬರ್ ತಿಂಗಳ ಭದ್ರತಾ ಪ್ಯಾಚ್‌ನಲ್ಲಿ ಬಂತು. ಆದರೆ ದೋಷವಿದ್ದದ್ದು 4.2.2ರಿಂದ ಆಚೆಗಿನ ಎಲ್ಲ ಆವೃತ್ತಿಗಳಲ್ಲಿ. 4.2.2ರಿಂದ 10ರವರೆಗಿನವಕ್ಕೆ ಪರಿಹಾರ ಬರಲಿಲ್ಲ. ಆ ಫೋನುಗಳು ಕೆಟ್ಟಿರಲಿಲ್ಲ, ನಿಧಾನವೂ ಆಗಿರಲಿಲ್ಲ. ಅಪ್‌ಡೇಟ್ ಪುಟ ತೆರೆದರೆ ‘ನಿಮ್ಮ ಸಿಸ್ಟಮ್ ಅಪ್ ಟು ಡೇಟ್ ಆಗಿದೆ’ ಎಂದೇ ಹೇಳುತ್ತಿದ್ದವು.

ಈ ವಾಕ್ಯವನ್ನು ಸರಿಯಾಗಿ ಓದಿಕೊಳ್ಳಬೇಕು. ಅದರ ಅರ್ಥ ‘ನಿಮ್ಮ ಫೋನಿನಲ್ಲಿ ತಿಳಿದಿರುವ ದೋಷಗಳಿಲ್ಲ’ ಎಂದಲ್ಲ. ‘ಈ ಮಾದರಿಗೆಂದು ಕಂಪನಿ ಸರ್ವರ್‌ನಲ್ಲಿ ಇಟ್ಟಿರುವುದರಲ್ಲಿ ಇದಕ್ಕಿಂತ ಹೊಸದಿಲ್ಲ’ ಎಂದಷ್ಟೇ. ನಾಲ್ಕು ವರ್ಷದಿಂದ ಕಂಪನಿ ಏನನ್ನೂ ಇಟ್ಟಿಲ್ಲವಾದರೂ ಅದೇ ವಾಕ್ಯ, ಅದೇ ಹಸಿರು ಗುರುತು ಕಾಣುತ್ತದೆ. ಅಪ್‌ಡೇಟ್ ನಿಂತಿತು ಎಂದು ಹೆಚ್ಚಿನ ಫೋನುಗಳು ಬಾಯಿಬಿಟ್ಟು ಹೇಳುವುದೇ ಇಲ್ಲ. ಈ ಇಡೀ ವ್ಯವಸ್ಥೆಯಲ್ಲಿ ಅತ್ಯಂತ ಅನ್ಯಾಯದ ಭಾಗ ಇದೇ ಎಂಬುದು ನಮ್ಮ ಅಭಿಪ್ರಾಯ.

ಪ್ಯಾಚ್ ಎಲ್ಲಿ ನಿಂತುಹೋಗುತ್ತದೆ

ಫೋನಿನ ತಂತ್ರಾಂಶವನ್ನು ಒಂದೇ ಕಂಪನಿ ಬರೆದಿರುವುದಿಲ್ಲ. ಎಲ್ಲಕ್ಕಿಂತ ಕೆಳಗೆ, ಯಂತ್ರಭಾಗಗಳನ್ನೂ ಆ್ಯಪ್‌ಗಳನ್ನೂ ಬೆಸೆಯುವ ಲಿನಕ್ಸ್ ಕರ್ನಲ್ ಇದೆ, ಅದನ್ನು ನೋಡಿಕೊಳ್ಳುವುದು ಲಿನಕ್ಸ್ ಸಮುದಾಯ. ಅದಕ್ಕೆ ಅಂಟಿಕೊಂಡಂತೆ ಚಿಪ್ ತಯಾರಕರ ಡ್ರೈವರ್‌ಗಳು ಇವೆ. ಕ್ವಾಲ್‌ಕಾಮ್, ಮೀಡಿಯಾಟೆಕ್ ಮೊದಲಾದ ಕಂಪನಿಗಳು ಕ್ಯಾಮೆರಾ, ಗ್ರಾಫಿಕ್ಸ್, ಮೋಡೆಮ್‌ಗಳಿಗೆಂದು ಬರೆದುಕೊಡುವ ಭಾಗ ಅದು. ಅದರ ಮೇಲೆ ಗೂಗಲ್ ಬರೆದ ಆಂಡ್ರಾಯ್ಡ್, ಅದಕ್ಕೂ ಮೇಲೆ ಫೋನ್ ಕಂಪನಿಯ ಸ್ವಂತ ಮಾರ್ಪಾಡುಗಳು. ಒಂದು ದೋಷದ ಪರಿಹಾರ ನಿಮ್ಮ ಕೈಗೆ ಬರಬೇಕಾದರೆ ಈ ಎಲ್ಲ ಕೈಗಳನ್ನು ದಾಟಿ ಬರಬೇಕು. ಪ್ರತಿಯೊಬ್ಬರಿಗೂ ತಮ್ಮದೇ ಆದ ಗಡುವಿದೆ, ಆ ಗಡುವುಗಳು ಒಂದಕ್ಕೊಂದು ಹೊಂದುವುದಿಲ್ಲ.

ಕರ್ನಲ್‌ನಿಂದಲೇ ಶುರುಮಾಡೋಣ. ಲಿನಕ್ಸ್ ಸಮುದಾಯ ಕೆಲವು ಆವೃತ್ತಿಗಳನ್ನು ದೀರ್ಘಕಾಲ ದುರಸ್ತಿ ಮಾಡುತ್ತದೆ. 4.14 ಎಂಬ ಆವೃತ್ತಿ ಬಿಡುಗಡೆಯಾದದ್ದು 2017ರ ನವೆಂಬರ್‌ನಲ್ಲಿ, ಅದರ ಬೆಂಬಲ ಮುಗಿದದ್ದು 2024ರ ಜನವರಿಯಲ್ಲಿ. ಆರು ವರ್ಷ ದಾಟಿತಲ್ಲ, ಸಾಕಷ್ಟಾಯಿತು ಎನಿಸಬಹುದು. ಆದರೆ 2019ರ ದುಬಾರಿ ಫೋನುಗಳಲ್ಲಿದ್ದ ಸ್ನ್ಯಾಪ್‌ಡ್ರ್ಯಾಗನ್ 855 ಚಿಪ್‌ಗೆ ಕ್ವಾಲ್‌ಕಾಮ್ ಆರಿಸಿಕೊಂಡದ್ದು ಇದೇ 4.14. ಚಿಪ್‌ಗೆ ಡ್ರೈವರ್ ಬರೆದು, ಪರೀಕ್ಷಿಸಿ, ಫೋನ್ ಕಂಪನಿ ಅದರ ಸುತ್ತ ಫೋನು ಕಟ್ಟಿ ಮಾರುಕಟ್ಟೆಗೆ ತರುವ ಹೊತ್ತಿಗೆ ಕರ್ನಲ್‌ನ ಆಯುಷ್ಯದಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಳೆದಿತ್ತು. ಆ ಚಿಪ್ ಇರುವ ಫೋನನ್ನು 2021ರಲ್ಲಿ ಕೊಂಡವರಿಗೆ ಉಳಿದದ್ದು ಮೂರು ವರ್ಷದೊಳಗಿನ ಕರ್ನಲ್ ಬೆಂಬಲ.

ಹಾಗಾದರೆ ಹೊಸ ಕರ್ನಲ್ ಹಾಕಿಬಿಡಬಹುದಲ್ಲ? ಕಂಪ್ಯೂಟರಿನಲ್ಲಿ ಲಿನಕ್ಸ್ ಬಳಸುವವರು ದಿನವೂ ಮಾಡುವ ಕೆಲಸವಿದು. ಫೋನಿನಲ್ಲಿ ಅಡ್ಡ ಬರುವುದು ಡ್ರೈವರ್‌ಗಳು. ಲಿನಕ್ಸ್ ಕರ್ನಲ್ ತನ್ನ ಒಳಗಿನ ಜೋಡಣೆಗಳನ್ನು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ಮುಕ್ತವಾಗಿ ಬದಲಿಸುತ್ತದೆ. ಹಳೆಯ ಡ್ರೈವರ್‌ಗಳಿಗಾಗಿ ಅವನ್ನು ಹಾಗೆಯೇ ಉಳಿಸಿಕೊಳ್ಳುವ ಭರವಸೆಯನ್ನು ಅದು ಕೊಡುವುದಿಲ್ಲ. 4.14ಕ್ಕೆಂದು ಬರೆದ ಕ್ಯಾಮೆರಾ ಡ್ರೈವರ್ 5.10ರಲ್ಲಿ ಕೆಲಸ ಮಾಡಬೇಕಾದರೆ ಯಾರಾದರೂ ಅದನ್ನು ಮತ್ತೆ ಬರೆಯಬೇಕು. ಬರೆಯಬಲ್ಲವರು ಚಿಪ್ ತಯಾರಕರು ಮಾತ್ರ, ಏಕೆಂದರೆ ಅದರ ಜೊತೆ ಕೆಲಸ ಮಾಡುವ ಎಷ್ಟೋ ತುಣುಕುಗಳ ಮೂಲ ಕೋಡ್ ಬೇರೆ ಯಾರ ಬಳಿಯೂ ಇಲ್ಲ. ಈಗಾಗಲೇ ಮಾರಾಟವಾದ ಚಿಪ್‌ಗೆ ಮತ್ತೆ ಡ್ರೈವರ್ ಬರೆದರೆ ಅವರಿಗೆ ಹೊಸದಾಗಿ ಹಣ ಹುಟ್ಟುವುದಿಲ್ಲ. ಆದ್ದರಿಂದ ಫೋನ್ ಕಂಪನಿಗಳೊಂದಿಗಿನ ಒಪ್ಪಂದದಲ್ಲಿ ಇಷ್ಟು ವರ್ಷ ಎಂದು ಬರೆದುಕೊಳ್ಳುತ್ತಾರೆ. ಅದು ಮುಗಿದ ಮೇಲೆ ಫೋನ್ ಕಂಪನಿಗೆ ಮನಸ್ಸಿದ್ದರೂ ಚಿಪ್ ಭಾಗದ ದೋಷಗಳನ್ನು ತಾನೇ ಸರಿಪಡಿಸಲಾರದು.

ಎರಡನೆಯ ಗಡುವು ಗೂಗಲ್‌ನದು. ಹಳೆಯ ಆಂಡ್ರಾಯ್ಡ್ ಆವೃತ್ತಿಗಳಿಗೂ ಗೂಗಲ್ ಕೆಲ ವರ್ಷ ಪ್ಯಾಚ್ ಬರೆದುಕೊಟ್ಟು ಆಮೇಲೆ ನಿಲ್ಲಿಸುತ್ತದೆ. ಆಂಡ್ರಾಯ್ಡ್ 10 ಬಂದದ್ದು 2019ರ ಸೆಪ್ಟೆಂಬರ್‌ನಲ್ಲಿ, ಗೂಗಲ್‌ನ ಪ್ಯಾಚ್ ಪಟ್ಟಿಯಿಂದ ಅದರ ಹೆಸರು ಹೋದದ್ದು 2023ರ ಆರಂಭದಲ್ಲಿ. ಸುಳ್ಳು ಕೀಬೋರ್ಡ್‌ನ ದೋಷ ಅದೇ ವರ್ಷದ ಆಗಸ್ಟ್‌ನಲ್ಲಿ ವರದಿಯಾಯಿತು. ಕೆಲವೇ ತಿಂಗಳ ಅಂತರದಲ್ಲಿ ಆಂಡ್ರಾಯ್ಡ್ 10 ಆ ಪರಿಹಾರದಿಂದ ಹೊರಗುಳಿಯಿತು.

ಮೂರನೆಯದು ಫೋನ್ ಕಂಪನಿಯ ಗಡುವು. ಸಾಮಾನ್ಯವಾಗಿ ಮೊದಲು ಮುಗಿಯುವುದು ಇದೇ. ಗೂಗಲ್ ಮತ್ತು ಚಿಪ್ ತಯಾರಕರು ಕೊಟ್ಟ ಪ್ಯಾಚ್‌ಗಳನ್ನು ಪ್ರತಿ ಮಾದರಿಯ ಕೋಡ್‌ಗೆ ಸೇರಿಸಿ, ಮತ್ತೆ ಕಟ್ಟಿ, ಕರೆ, ಕ್ಯಾಮೆರಾ, ಬ್ಯಾಟರಿ ಎಲ್ಲ ಸರಿಯಿದೆಯೇ ಎಂದು ಪರೀಕ್ಷಿಸಬೇಕು. ಕೆಲವೆಡೆ ಮೊಬೈಲ್ ಜಾಲ ಕಂಪನಿಯ ಒಪ್ಪಿಗೆಯೂ ಬೇಕು. ವರ್ಷಕ್ಕೆ ಇಪ್ಪತ್ತು ಮಾದರಿ ಬಿಡುವ ಕಂಪನಿ ನಾಲ್ಕು ವರ್ಷ ಬೆಂಬಲ ಕೊಡಹೊರಟರೆ ಯಾವುದೇ ಹೊತ್ತಿನಲ್ಲಿ ಎಂಬತ್ತು ಮಾದರಿಗಳನ್ನು ನೋಡಿಕೊಳ್ಳಬೇಕಾಗುತ್ತದೆ. ಅಗ್ಗದ ಫೋನುಗಳಿಗೆ ಬೆಂಬಲ ಬೇಗ ನಿಲ್ಲುವುದು ಈ ಲೆಕ್ಕದಿಂದಲೇ. ನಿಲ್ಲುವ ಮುನ್ನ ಲಕ್ಷಣವೂ ಕಾಣುತ್ತದೆ: ತಿಂಗಳಿಗೊಮ್ಮೆ ಬರುತ್ತಿದ್ದ ಪ್ಯಾಚ್ ಮೂರು ತಿಂಗಳಿಗೊಮ್ಮೆಯಾಗುತ್ತದೆ, ಆಮೇಲೆ ಆರು ತಿಂಗಳಿಗೊಮ್ಮೆ, ಆಮೇಲೆ ಸುದ್ದಿಯೇ ಇಲ್ಲ.

ಗಡುವಿನೊಳಗೂ ಸರಪಳಿ ಎಷ್ಟು ನಿಧಾನ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಮೀಡಿಯಾಟೆಕ್‌ನ ಅನೇಕ ಚಿಪ್‌ಗಳಲ್ಲಿ `CVE-2020-0069` ಎಂಬ ದೋಷವಿತ್ತು. ಯಾವುದೇ ಮಾಮೂಲಿ ಆ್ಯಪ್ ಅದನ್ನು ಬಳಸಿ ಫೋನಿನ ಸಂಪೂರ್ಣ ಅಧಿಕಾರ, ಅಂದರೆ ರೂಟ್, ಪಡೆಯಬಹುದಿತ್ತು. ಮೀಡಿಯಾಟೆಕ್ 2019ರ ಮೇ ತಿಂಗಳಲ್ಲೇ ಪರಿಹಾರ ಕೊಟ್ಟಿತ್ತು. ಅನೇಕ ಫೋನ್ ಕಂಪನಿಗಳು ಅದನ್ನು ತಮ್ಮ ಫೋನುಗಳಿಗೆ ಹಾಕಲೇ ಇಲ್ಲ. ಕೊನೆಗೆ ಗೂಗಲ್ 2020ರ ಮಾರ್ಚ್‌ನ ಪ್ರಕಟಣೆಯಲ್ಲಿ ಅದನ್ನು ಸೇರಿಸಿತು. ನಡುವಿನ ಹತ್ತು ತಿಂಗಳಲ್ಲಿ ಏನಾಯಿತು ನೋಡಿ: 2020ರ ಜನವರಿಯಲ್ಲಿ, ಈ ದೋಷವನ್ನು ಬಳಸಿಕೊಳ್ಳುತ್ತಿದ್ದ ದುರುದ್ದೇಶದ ಆ್ಯಪ್ ಪ್ಲೇ ಸ್ಟೋರ್‌ನಲ್ಲೇ ಪತ್ತೆಯಾಗಿತ್ತು.

ಚಿಪ್ ಮತ್ತು ತಂತ್ರಾಂಶ ಎರಡನ್ನೂ ತಾನೇ ಮಾಡುವ ಆಪಲ್‌ಗೆ ಈ ಸರಪಳಿಯಿಲ್ಲ, ಅದಕ್ಕೇ ಐಫೋನ್‌ಗಳಿಗೆ ಬೆಂಬಲ ಹೆಚ್ಚು ಕಾಲ ಸಿಗುತ್ತದೆ. 2013ರ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲೂ 12.5.7 ಎಂಬ ಭದ್ರತಾ ಅಪ್‌ಡೇಟ್ ಬಂದಿತ್ತು. ಆದರೆ ಅದರಲ್ಲೂ ಒಂದು ಸೂಕ್ಷ್ಮವಿದೆ. ಆ ಅಪ್‌ಡೇಟ್ ಸರಿಪಡಿಸಿದ ಬ್ರೌಸರ್ ದೋಷಕ್ಕೆ ಹೊಸ ಐಫೋನ್‌ಗಳು 2022ರ ನವೆಂಬರ್ 30ರಂದೇ ಪರಿಹಾರ ಪಡೆದಿದ್ದವು. ಹಳೆಯವು ಸುಮಾರು ಎಂಟು ವಾರ ಕಾದವು. ತಿಳಿದಿರುವ ಎಲ್ಲ ದೋಷಗಳನ್ನೂ ಹಿಂದಿನ ಆವೃತ್ತಿಗಳಲ್ಲಿ ಸರಿಪಡಿಸಲಾಗುವುದಿಲ್ಲ ಎಂದು ಆಪಲ್ ತಾನೇ ಬರೆದುಕೊಂಡಿದೆ. ಹೀಗಾಗಿ ಹಳೆಯ ಐಫೋನ್‌ಗೆ ಅಪರೂಪಕ್ಕೊಮ್ಮೆ ಬರುವ ಅಪ್‌ಡೇಟನ್ನು ಪೂರ್ಣ ರಕ್ಷಣೆ ಎಂದು ತಿಳಿಯಬಾರದು.

ನಿಮ್ಮ ಫೋನಿನ ದಿನಾಂಕ ಓದುವುದು ಹೇಗೆ

ಸೆಟ್ಟಿಂಗ್ಸ್‌ನಲ್ಲಿ ‘ಅಬೌಟ್ ಫೋನ್’ ತೆರೆದು ‘ಆಂಡ್ರಾಯ್ಡ್ ವರ್ಷನ್’ ಮೇಲೆ ಒತ್ತಿ. ಕೆಲವು ಫೋನುಗಳಲ್ಲಿ ಇದು ‘ಸಾಫ್ಟ್‌ವೇರ್ ಇನ್ಫರ್ಮೇಶನ್’ ಒಳಗಿರುತ್ತದೆ. ಅಲ್ಲಿ ನೋಡಬೇಕಾದದ್ದು ನಾಲ್ಕು ಸಾಲು: ಆಂಡ್ರಾಯ್ಡ್ ಆವೃತ್ತಿ, ಸೆಕ್ಯುರಿಟಿ ಅಪ್‌ಡೇಟ್ ದಿನಾಂಕ, ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್ ದಿನಾಂಕ ಮತ್ತು ಕರ್ನಲ್ ಆವೃತ್ತಿ. ಫೋನನ್ನು ಕಂಪ್ಯೂಟರಿಗೆ ಜೋಡಿಸಿ ಯುಎಸ್‌ಬಿ ಡೀಬಗ್ಗಿಂಗ್ ಆನ್ ಮಾಡಬಲ್ಲವರು ಅಲ್ಲಿ `adb` ಎಂಬ ಸಲಕರಣೆಯ ಮೂಲಕ ಇನ್ನೂ ನಿಖರವಾಗಿ ಕೇಳಬಹುದು:

```
adb shell getprop ro.build.version.release
adb shell getprop ro.build.version.security_patch
adb shell getprop ro.vendor.build.security_patch
adb shell uname -r
```

ಎರಡನೆಯ ಸಾಲು ಆಂಡ್ರಾಯ್ಡ್ ಭಾಗದ ಪ್ಯಾಚ್ ದಿನಾಂಕ ಹೇಳುತ್ತದೆ, ಮೂರನೆಯದು ಚಿಪ್ ಮತ್ತು ಹಾರ್ಡ್‌ವೇರ್ ಭಾಗದ್ದು. ಕೆಲವು ಹಳೆಯ ಫೋನುಗಳಲ್ಲಿ ಮೂರನೆಯದಕ್ಕೆ ಉತ್ತರ ಖಾಲಿ ಬರುತ್ತದೆ.

ದಿನಾಂಕದ ಕೊನೆಯ ಎರಡು ಅಂಕಿಗಳಿಗೂ ಅರ್ಥವಿದೆ. ಒಂದೇ ತಿಂಗಳಿಗೆ ಗೂಗಲ್ ಎರಡು ಮಟ್ಟಗಳನ್ನು ಪ್ರಕಟಿಸುತ್ತದೆ. 2023-12-01 ಎಂದಿದ್ದರೆ ಆಂಡ್ರಾಯ್ಡ್‌ನ ಸ್ವಂತ ಭಾಗದ ಪ್ಯಾಚ್‌ಗಳು ಸೇರಿವೆ ಎಂಬ ಖಾತ್ರಿ. 2023-12-05 ಎಂದಿದ್ದರೆ ಅವುಗಳ ಜೊತೆಗೆ ಕರ್ನಲ್ ಮತ್ತು ಚಿಪ್ ಭಾಗದವೂ ಸೇರಿವೆ. ಪ್ರತಿ ತಿಂಗಳೂ 01ರಲ್ಲೇ ನಿಲ್ಲುತ್ತಿರುವ ಫೋನಿನಲ್ಲಿ ಆ ತಿಂಗಳ ಕೆಳಪದರದ ದುರಸ್ತಿಗಳು ಪೂರ್ಣವಾಗಿ ಬಂದಿವೆ ಎನ್ನಲಾಗದು.

ದಿನಾಂಕ ಎರಡು ಮೂರು ತಿಂಗಳು ಹಿಂದಿದ್ದರೆ ಗಾಬರಿಪಡಬೇಕಿಲ್ಲ, ಸರಪಳಿಯ ನಿಧಾನವೇ ಅಷ್ಟು. ಆರು ತಿಂಗಳು ದಾಟಿದರೆ ತಯಾರಕರ ಜಾಲತಾಣದಲ್ಲಿ ನಿಮ್ಮ ಮಾದರಿಯ ಬೆಂಬಲ ಅವಧಿ ಹುಡುಕಿ ನೋಡಿ. ಹುಡುಕುವಾಗ ಫೋನಿನ ಮಾರಾಟದ ಹೆಸರಿಗಿಂತ ‘ಮಾಡೆಲ್ ನಂಬರ್’ ಬಳಸಿ, ಏಕೆಂದರೆ ಒಂದೇ ಹೆಸರಿನಲ್ಲಿ ಬೇರೆ ಬೇರೆ ಚಿಪ್ ಇರುವ ಫೋನುಗಳಿರುತ್ತವೆ. ವರ್ಷ ದಾಟಿದ್ದರೆ ಬೆಂಬಲ ಮುಗಿದಿದೆ ಎಂದೇ ಎಣಿಸಬಹುದು.

ಇನ್ನೊಂದು ಮಾತು. ‘ನಾಲ್ಕು ವರ್ಷ ಅಪ್‌ಡೇಟ್’ ಎಂಬ ಭರವಸೆಯ ಗಡಿಯಾರ ಸಾಮಾನ್ಯವಾಗಿ ಓಡತೊಡಗುವುದು ಆ ಮಾದರಿ ಮೊದಲು ಮಾರುಕಟ್ಟೆಗೆ ಬಂದ ದಿನದಿಂದ, ನೀವು ಕೊಂಡ ದಿನದಿಂದಲ್ಲ. 2020ರ ಮಾರ್ಚ್‌ನಲ್ಲಿ ಬಂದ ಮಾದರಿಯನ್ನು 2022ರ ಸೆಪ್ಟೆಂಬರ್‌ನಲ್ಲಿ ರಿಯಾಯಿತಿಯಲ್ಲಿ ಕೊಂಡವರಿಗೆ ನಾಲ್ಕು ವರ್ಷದಲ್ಲಿ ಸಿಗುವುದು ಒಂದೂವರೆ ವರ್ಷ ಮಾತ್ರ. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಜಾರಿಯಾದ ನಿಯಮ ಈ ಲೆಕ್ಕವನ್ನು ತಿರುಗಿಸಿತು. ಅಲ್ಲಿ ಒಂದು ಮಾದರಿಯನ್ನು ಮಾರುಕಟ್ಟೆಗೆ ಬಿಡುವುದು ನಿಂತ ದಿನದಿಂದ ಕನಿಷ್ಠ ಐದು ವರ್ಷ ಎಣಿಸಬೇಕು. ನಮ್ಮ ದೃಷ್ಟಿಯಲ್ಲಿ ಸರಿಯಾದ ಲೆಕ್ಕ ಇದೇ.

ನಿಂತದ್ದು ಯಾವುದು, ನಿಲ್ಲದ್ದು ಯಾವುದು

ಫೋನ್ ಕಂಪನಿಯ ಅಪ್‌ಡೇಟ್ ನಿಂತ ದಿನ ಫೋನಿನ ಎಲ್ಲ ರಕ್ಷಣೆಯೂ ನಿಲ್ಲುವುದಿಲ್ಲ. ಆ್ಯಪ್‌ಗಳು, ಕ್ರೋಮ್ ಬ್ರೌಸರ್, ಗೂಗಲ್ ಪ್ಲೇ ಸರ್ವಿಸಸ್, ಆ್ಯಪ್‌ಗಳನ್ನು ತಪಾಸಣೆ ಮಾಡುವ ಪ್ಲೇ ಪ್ರೊಟೆಕ್ಟ್ ಇವೆಲ್ಲ ಪ್ಲೇ ಸ್ಟೋರ್ ಮೂಲಕವೇ ಹೊಸದಾಗುತ್ತಿರುತ್ತವೆ. ಆ್ಯಪ್‌ಗಳ ಒಳಗೆ ವೆಬ್ ಪುಟ ತೆರೆಯುವ ‘ವೆಬ್‌ವ್ಯೂ’ ಎಂಬ ಭಾಗವೂ ಆಂಡ್ರಾಯ್ಡ್ 5ರಿಂದ ಹಾಗೆಯೇ ಬರುತ್ತಿದೆ.

ಆಂಡ್ರಾಯ್ಡ್ 10ರಿಂದ ಇದಕ್ಕೆ ಇನ್ನೊಂದು ದಾರಿ ಸೇರಿತು. 2015ರಲ್ಲಿ ಸ್ಟೇಜ್‌ಫ್ರೈಟ್ ಎಂಬ ದೋಷ ಬೆಳಕಿಗೆ ಬಂದಿತ್ತು. ಒಂದು ಎಂಎಂಎಸ್ ವಿಡಿಯೊ ಬಂದರೆ ಸಾಕು, ಅದನ್ನು ತೆರೆಯದಿದ್ದರೂ ಫೋನು ದಾಳಿಕೋರನ ಕೈಸೇರಬಹುದಿತ್ತು. ಆ ಭಯದಿಂದ ಗೂಗಲ್ ಎರಡು ಪಾಠ ಕಲಿತಿತು. ಅದೇ ವರ್ಷ ತಿಂಗಳ ಪ್ಯಾಚ್ ಪದ್ಧತಿ ಶುರುವಾಯಿತು. ಆಮೇಲೆ 2019ರಲ್ಲಿ, ವಿಡಿಯೊ ಮತ್ತು ಧ್ವನಿ ಕಡತಗಳನ್ನು ಬಿಚ್ಚುವ ಭಾಗವೂ ಸೇರಿದಂತೆ ಕೆಲವು ಅಪಾಯದ ಭಾಗಗಳನ್ನು ಫೋನ್ ಕಂಪನಿಯ ಹಂಗಿಲ್ಲದೆ ನೇರವಾಗಿ ಬದಲಿಸುವ ಏರ್ಪಾಡಾಯಿತು. ಸೆಟ್ಟಿಂಗ್ಸ್‌ನಲ್ಲಿ ಕಾಣುವ ‘ಗೂಗಲ್ ಪ್ಲೇ ಸಿಸ್ಟಮ್ ಅಪ್‌ಡೇಟ್’ ಎಂದರೆ ಇದೇ. ಹಾಗಾಗಿ ಬೆಂಬಲ ಮುಗಿದ ಆಂಡ್ರಾಯ್ಡ್ 12 ಫೋನಿಗೂ ಬೆಂಬಲ ಮುಗಿದ ಆಂಡ್ರಾಯ್ಡ್ 8 ಫೋನಿಗೂ ಅಜಗಜಾಂತರ ಇದೆ. ಎರಡನ್ನೂ ‘ಹಳೆಯ ಫೋನು’ ಎಂಬ ಒಂದೇ ಗಂಟಿಗೆ ಕಟ್ಟುವುದು ತಪ್ಪು.

ನಿಲ್ಲುವವು ಇವು: ಕರ್ನಲ್, ಚಿಪ್‌ನ ಡ್ರೈವರ್‌ಗಳು, ಮೋಡೆಮ್‌ನ ಒಳಗೇ ಓಡುವ ತಂತ್ರಾಂಶವಾದ ಫರ್ಮ್‌ವೇರ್, ವೈಫೈ ಚಿಪ್‌ನ ಫರ್ಮ್‌ವೇರ್, ಗೂಢಲಿಪಿಯ ಕೀಲಿಗಳನ್ನು ಕಾಯುವ ಸುರಕ್ಷಿತ ವಲಯದ ತಂತ್ರಾಂಶ ಮತ್ತು ಆಂಡ್ರಾಯ್ಡ್‌ನ ಉಳಿದ ಹಲವು ಭಾಗಗಳು. ಆಂಡ್ರಾಯ್ಡ್ 10ರಲ್ಲಿ ಬ್ಲೂಟೂತ್ ಈ ಗುಂಪಿನಲ್ಲಿತ್ತು. ಆದ್ದರಿಂದಲೇ ಸುಳ್ಳು ಕೀಬೋರ್ಡ್‌ನ ದೋಷವನ್ನು ಪ್ಲೇ ಮೂಲಕ ಸರಿಪಡಿಸಲು ಆಗಲಿಲ್ಲ.

ಮೇಲಿನ ಪದರಕ್ಕೂ ಕೊನೆಯಿದೆ. ಕ್ರೋಮ್ 138 ಆಂಡ್ರಾಯ್ಡ್ 8 ಮತ್ತು 9ಕ್ಕೆ ಕೊನೆಯ ಆವೃತ್ತಿ. 2025ರ ಆಗಸ್ಟ್‌ನಲ್ಲಿ ಬಂದ 139ರಿಂದ ಆಚೆಗೆ ಆಂಡ್ರಾಯ್ಡ್ 10 ಬೇಕೇ ಬೇಕು. ಫೋನಿನ ಆಯುಷ್ಯದಲ್ಲಿ ಇದು ಕಂಪನಿಯ ಪ್ಯಾಚ್ ನಿಂತದ್ದಕ್ಕಿಂತ ದೊಡ್ಡ ತಿರುವು ಎಂದು ನಾವು ಎಣಿಸುತ್ತೇವೆ. ಏಕೆಂದರೆ ದಿನವೂ ಅಪರಿಚಿತರ ಕೋಡ್ ಓಡಿಸುವ ಭಾಗವೆಂದರೆ ಬ್ರೌಸರ್. ಇನ್ನೂ ಅಪ್‌ಡೇಟ್ ಪಡೆಯುವ ಬೇರೊಂದು ಬ್ರೌಸರ್ ಹಾಕಿಕೊಂಡರೆ ಸ್ವಲ್ಪ ಕಾಲ ಸಾಗಿಸಬಹುದು, ಆದರೆ ಅರ್ಧ ಬಾಗಿಲು ತೆರೆದೇ ಇರುತ್ತದೆ: ಸುದ್ದಿ ಆ್ಯಪ್, ಶಾಪಿಂಗ್ ಆ್ಯಪ್‌ಗಳು ಒಳಗೊಳಗೇ ತೆರೆಯುವ ಪುಟಗಳು ಬಳಸುವುದು ವೆಬ್‌ವ್ಯೂ ಅನ್ನು. ಆಂಡ್ರಾಯ್ಡ್ 7ರಿಂದ 9ರವರೆಗೆ ಕ್ರೋಮ್ ಇದ್ದ ಫೋನುಗಳಲ್ಲಿ ವೆಬ್‌ವ್ಯೂ ಕೆಲಸ ಮಾಡುವುದು ಕ್ರೋಮ್ ಒಳಗಿಂದಲೇ. ಕ್ರೋಮ್ ನಿಂತರೆ ಅದೂ ನಿಂತಂತೆ.

ಅಪಾಯದ ಅಳತೆ

ಪ್ಯಾಚ್ ಪ್ರಕಟಣೆಯಿಂದಲೇ ಹಳೆಯ ಫೋನಿಗೆ ಒಂದು ವಿಚಿತ್ರ ತೊಂದರೆ ಉಂಟಾಗುತ್ತದೆ. ಗೂಗಲ್ ಪ್ಯಾಚ್ ಪಟ್ಟಿ ಪ್ರಕಟಿಸಿದಾಗ ತಿದ್ದಿದ ಕೋಡ್ ಕೂಡ ಮುಕ್ತವಾಗಿ ಸಿಗುತ್ತದೆ. ಹಳೆಯ ಕೋಡ್ ಮತ್ತು ಹೊಸ ಕೋಡ್ ಪಕ್ಕಪಕ್ಕ ಇಟ್ಟು ನೋಡಿದರೆ ತಪ್ಪು ಎಲ್ಲಿತ್ತು ಎಂಬುದು ಬಲ್ಲವರಿಗೆ ಗೊತ್ತಾಗುತ್ತದೆ. ಬೆಂಬಲವಿರುವ ಫೋನಿಗೆ ಇದು ಕೆಲ ವಾರಗಳ ಓಟದ ಪಂದ್ಯ, ಪ್ಯಾಚ್ ಹಾಕಿಕೊಂಡ ದಿನ ಮುಗಿಯುತ್ತದೆ. ಬೆಂಬಲವಿಲ್ಲದ ಫೋನಿಗೆ ಮುಗಿಯುವ ದಿನವೇ ಇಲ್ಲ. ಸುಳ್ಳು ಕೀಬೋರ್ಡ್‌ನ ಪ್ರಾತ್ಯಕ್ಷಿಕೆಯ ಕೋಡ್ 2024ರ ಜನವರಿಯಲ್ಲಿ ಬಹಿರಂಗವಾಯಿತು. ಅಂದಿನಿಂದ ಆ ದಾಳಿ ಮಾಡಲು ಸಂಶೋಧಕನ ಬುದ್ಧಿ ಬೇಕಿಲ್ಲ, ಸೂಚನೆ ಓದಿ ಪಾಲಿಸುವ ತಾಳ್ಮೆ ಇದ್ದರೆ ಸಾಕು.

ಆ ದಾಳಿಯನ್ನೇ ಹಂತಹಂತವಾಗಿ ನೋಡಿದರೆ ಅಪಾಯದ ನಿಜವಾದ ಗಾತ್ರ ತಿಳಿಯುತ್ತದೆ. 2019ರಲ್ಲಿ ಬಂದ, ಆಂಡ್ರಾಯ್ಡ್ 10ರಲ್ಲಿ ನಿಂತ, ಕೊನೆಯ ಪ್ಯಾಚ್ 2022ರ ಆಗಸ್ಟ್‌ನದಾದ ಒಂದು ಫೋನು ಎಂದಿಟ್ಟುಕೊಳ್ಳಿ. ಅದರ ಒಡೆಯರು ವೈರ್‌ಲೆಸ್ ಇಯರ್‌ಫೋನ್ ಬಳಸುವುದರಿಂದ ಬ್ಲೂಟೂತ್ ಸದಾ ಆನ್. ಬ್ಲೂಟೂತ್‌ನ ಅಳತೆಯೊಳಗೆ, ಅಂದರೆ ಅದೇ ಕೋಣೆಯಲ್ಲಿ ಅಥವಾ ಅದೇ ರೈಲು ಬೋಗಿಯಲ್ಲಿ, ದಾಳಿಕೋರ ಇರಬೇಕು. ಜಗತ್ತಿನ ಇನ್ನೊಂದು ಮೂಲೆಯಿಂದ ಇದು ಸಾಧ್ಯವಿಲ್ಲ. ಫೋನಿನ ಬ್ಲೂಟೂತ್ ವಿಳಾಸ ಸಿಕ್ಕಿ ಜೋಡಣೆಯಾದ ಮೇಲೆ ಅವನು ಕೀಲಿಗಳನ್ನು ಕಳುಹಿಸಬಲ್ಲ. ಬ್ರೌಸರ್ ತೆರೆದು ಒಂದು ವಿಳಾಸ ಟೈಪ್ ಮಾಡಬಹುದು, ಆ್ಯಪ್ ಇಳಿಸಬಹುದು, ಸಂದೇಶವನ್ನು ಬೇರೆಯವರಿಗೆ ರವಾನಿಸಬಹುದು. ಆದರೆ ಪಿನ್ ಅಥವಾ ಬೆರಳಚ್ಚು ಕೇಳುವ ಕಡೆ ನಿಂತುಬಿಡುತ್ತಾನೆ. ಪರದೆ ಲಾಕ್ ಆಗಿದ್ದರೆ ಲಾಕ್ ಪರದೆಯಲ್ಲೇ ಉಳಿಯುತ್ತಾನೆ. ಕಣ್ಣೆದುರೇ ಅಕ್ಷರಗಳು ತಾವಾಗಿ ಮೂಡುವುದನ್ನು ಒಡೆಯರು ನೋಡುವ ಸಂಭವವೂ ಇದೆ. ಅಪರಿಚಿತ ಕೀಬೋರ್ಡ್‌ನ ಹೆಸರು ಜೋಡಣೆಯಾದ ಸಾಧನಗಳ ಪಟ್ಟಿಯಲ್ಲಿ ಕಂಡರೆ ಸಂಶಯಪಡಲೇಬೇಕು.

ಅಂದರೆ ಈ ಒಂದು ದೋಷದಿಂದ ಫೋನು ಇಂದೇ ಲೂಟಿಯಾಗುತ್ತದೆ ಎಂದಲ್ಲ. ಚಿಂತೆ ಇರುವುದು ದೋಷಗಳು ಒಂದರ ಮೇಲೊಂದು ಪೇರಿಕೊಳ್ಳುವುದರಲ್ಲಿ. ಅದೇ ಫೋನಿನ ಕರ್ನಲ್‌ನಲ್ಲಿ ಸರಿಯಾಗದ ದೋಷವೊಂದಿದ್ದರೆ, ಕೀಬೋರ್ಡ್ ಮೂಲಕ ಒಳಬಂದ ಆ್ಯಪ್ ಅದನ್ನು ಬಳಸಿ ರೂಟ್ ಆಗಬಹುದು. ಆಂಡ್ರಾಯ್ಡ್ ಪ್ರತಿ ಆ್ಯಪ್‌ಗೂ ಪ್ರತ್ಯೇಕ ಕೋಣೆ ಕೊಟ್ಟು, ಒಂದರ ಕಡತವನ್ನು ಇನ್ನೊಂದು ಮುಟ್ಟದಂತೆ ತಡೆಯುತ್ತದೆ. ಈ ಗೋಡೆಗಳನ್ನು ಎತ್ತಿಹಿಡಿದಿರುವುದು ಕರ್ನಲ್. ಕರ್ನಲ್ ಬಿದ್ದರೆ ಟಾರ್ಚ್ ಆ್ಯಪ್ ಕೂಡ ನಿಮ್ಮ ಸಂದೇಶಗಳನ್ನು ಓದಬಹುದು, ಇಮೇಲ್‌ಗೆ ಲಾಗಿನ್ ಆದ ಗುರುತನ್ನು ಕದಿಯಬಹುದು. ಅನುಮತಿ ಕೇಳುವ ಪೆಟ್ಟಿಗೆ ಪರದೆಯ ಮೇಲೆ ಮೂಡುವುದೇ ಇಲ್ಲ. ಹಾಗಾಗಿ ಇದನ್ನು ಬರಿಗಣ್ಣಿಗೆ ಗುರುತಿಸುವ ಲಕ್ಷಣ ಎಂಬುದೂ ಇಲ್ಲ.

ನ್ಯಾಯವಾಗಿ ಹೇಳಬೇಕಾದ ಇನ್ನೊಂದು ಬದಿಯಿದೆ. ಹಣ ಕಳೆದುಕೊಂಡ ಬಹಳಷ್ಟು ಪ್ರಕರಣಗಳಲ್ಲಿ ಪ್ಯಾಚ್ ಇಲ್ಲದ ದೋಷ ಬಳಕೆಯಾಗಿರುವುದಿಲ್ಲ. ಮೋಸಗಾರರು ಲಿಂಕ್ ಕಳುಹಿಸಿ ಆ್ಯಪ್ ಹಾಕಿಸುತ್ತಾರೆ, ‘ಆ್ಯಕ್ಸೆಸಿಬಿಲಿಟಿ’ ಅನುಮತಿ ಕೊಡಿಸಿಕೊಂಡು ಪರದೆಯನ್ನೇ ಓದುತ್ತಾರೆ. ಹೊಸ ಪ್ಯಾಚ್ ಇರುವ ಫೋನಿನಲ್ಲೂ ಇದು ನಡೆಯುತ್ತದೆ. ಆದರೂ ಆವೃತ್ತಿಯ ವ್ಯತ್ಯಾಸ ಇಲ್ಲೂ ಕೆಲಸ ಮಾಡುತ್ತದೆ: ಹೊರಗಿನಿಂದ ನೇರ ಇಳಿಸಿದ ಆ್ಯಪ್‌ಗೆ ಆ ಅನುಮತಿ ಸುಲಭವಾಗಿ ಸಿಗದಂತೆ ತಡೆ ಹಾಕಿದ್ದು ಆಂಡ್ರಾಯ್ಡ್ 13. ಅದಕ್ಕಿಂತ ಹಳೆಯದರಲ್ಲಿ ಆ ತಡೆಯಿಲ್ಲ.

ಬ್ಯಾಂಕ್ ಆ್ಯಪ್‌ಗಳು ಕೂಡ ಪ್ಯಾಚ್ ದಿನಾಂಕ ನೋಡಬಹುದು. ಫೋನು ನಂಬಿಕಸ್ಥವೇ ಎಂದು ಆ್ಯಪ್‌ಗಳಿಗೆ ಹೇಳುವ ಗೂಗಲ್‌ನ ಪ್ಲೇ ಇಂಟೆಗ್ರಿಟಿ ವ್ಯವಸ್ಥೆ 2025ರ ಮೇ ತಿಂಗಳಿಂದ, ಆಂಡ್ರಾಯ್ಡ್ 13 ಮತ್ತು ನಂತರದ ಫೋನುಗಳಲ್ಲಿ ಕಳೆದ ಹನ್ನೆರಡು ತಿಂಗಳೊಳಗಿನ ಭದ್ರತಾ ಅಪ್‌ಡೇಟ್ ಇದ್ದರೆ ಮಾತ್ರ ತನ್ನ ಅತ್ಯುನ್ನತ ದರ್ಜೆ ಕೊಡುತ್ತದೆ. ಯಾವ ದರ್ಜೆ ಬೇಕು ಎಂಬುದನ್ನು ಆಯಾ ಆ್ಯಪ್ ನಿರ್ಧರಿಸುತ್ತದೆ. ಚೆನ್ನಾಗಿದ್ದ ಫೋನಿನಲ್ಲಿ ಹಣಕಾಸಿನ ಆ್ಯಪ್ ಒಂದು ದಿನ ಇದ್ದಕ್ಕಿದ್ದಂತೆ ‘ಈ ಸಾಧನ ಸುರಕ್ಷಿತವಲ್ಲ’ ಎಂದರೆ, ಕಾರಣ ಹುಡುಕುವಾಗ ಮೊದಲು ನೋಡಬೇಕಾದದ್ದು ಪ್ಯಾಚ್ ದಿನಾಂಕವನ್ನು.

ಬಳಸುವುದೇ ಆದರೆ

ಹೊಸ ಫೋನು ತಕ್ಷಣ ಕೊಳ್ಳುವುದು ಎಲ್ಲರಿಗೂ ಆಗದ ಮಾತು. ಮಧ್ಯದ ಕಾಲವನ್ನು ಸಾಗಿಸುವಾಗ ದೋಷ ಒಳಬರುವ ಬಾಗಿಲುಗಳನ್ನು ಕಡಿಮೆ ಮಾಡಬೇಕು.

ಮೊದಲ ಬಾಗಿಲು ರೇಡಿಯೊ. ಬ್ಲೂಟೂತ್ ಬೇಕಾದಾಗ ಆನ್ ಮಾಡಿ, ಮುಗಿದಾಗ ಸೆಟ್ಟಿಂಗ್ಸ್‌ನಲ್ಲೇ ಆಫ್ ಮಾಡಿ. ಆಂಡ್ರಾಯ್ಡ್ 10 ಮತ್ತು ಹಿಂದಿನವಕ್ಕೆ ಸುಳ್ಳು ಕೀಬೋರ್ಡ್‌ನಿಂದ ಇದೊಂದೇ ರಕ್ಷಣೆ. ಎರಡನೆಯ ಬಾಗಿಲು ಆ್ಯಪ್. ಕರ್ನಲ್ ದೋಷವನ್ನು ಬಳಸಬೇಕಾದರೆ ಮೊದಲು ಯಾವುದೋ ಕೋಡ್ ಫೋನಿನೊಳಗೆ ಓಡಬೇಕಲ್ಲ. ಆದ್ದರಿಂದ ಆ್ಯಪ್‌ಗಳನ್ನು ಹತ್ತು ಹದಿನೈದಕ್ಕೆ ಇಳಿಸಿ, ಸಂದೇಶದಲ್ಲಿ ಬಂದ ಎಪಿಕೆ ಕಡತವನ್ನು ಎಂದೂ ತೆರೆಯಬೇಡಿ. ಸೆಟ್ಟಿಂಗ್ಸ್‌ನ ‘ಇನ್‌ಸ್ಟಾಲ್ ಅನ್‌ನೋನ್ ಆ್ಯಪ್ಸ್’ ಪಟ್ಟಿಯಲ್ಲಿ ಯಾವುದಕ್ಕೂ ಅನುಮತಿ ಇಲ್ಲದಂತೆ ನೋಡಿಕೊಳ್ಳಿ. ಮೂರನೆಯದು ವೆಬ್. ಪ್ಲೇ ಸ್ಟೋರ್‌ನಲ್ಲಿ ಕ್ರೋಮ್ ಮತ್ತು ‘ಆಂಡ್ರಾಯ್ಡ್ ಸಿಸ್ಟಮ್ ವೆಬ್‌ವ್ಯೂ’ ಎರಡೂ ಹೊಸದಾಗುತ್ತಿವೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಇವು ನಿಂತ ದಿನ ಆ ಫೋನಿನಲ್ಲಿ ಬ್ರೌಸಿಂಗ್ ನಿಲ್ಲಿಸುವುದು ಲೇಸು.

ಬಾಗಿಲಿಗಿಂತ ಮುಖ್ಯವಾದದ್ದು ಮನೆಯೊಳಗೆ ಏನಿಟ್ಟಿದ್ದೀರಿ ಎಂಬುದು. ನಿಮ್ಮ ಉಳಿದೆಲ್ಲ ಖಾತೆಗಳ ಪಾಸ್‌ವರ್ಡ್ ಮರುಹೊಂದಿಸುವ ಕೊಂಡಿಗಳು ಬರುವ ಮುಖ್ಯ ಇಮೇಲ್, ಒಟಿಪಿ ಬರುವ ಸಿಮ್, ಹಣಕಾಸಿನ ಆ್ಯಪ್ ಈ ಮೂರೂ ಒಂದೇ ಹಳೆಯ ಫೋನಿನಲ್ಲಿದ್ದರೆ ಒಂದು ದೋಷ ಸಾಕು, ಎಲ್ಲವೂ ಒಟ್ಟಿಗೆ ಹೋಗುತ್ತವೆ. ಮನೆಯಲ್ಲಿ ಬೆಂಬಲವಿರುವ ಇನ್ನೊಂದು ಸಾಧನವಿದ್ದರೆ ಮೊದಲು ಮುಖ್ಯ ಇಮೇಲನ್ನು ಅದಕ್ಕೆ ಸಾಗಿಸಿ.

ಲಿನಿಯೇಜ್‌ಒಎಸ್‌ನಂಥ ಸಮುದಾಯದ ಆವೃತ್ತಿ ಹಾಕಿದರೆ ಏನಾಗುತ್ತದೆ ಎಂದು ಹಲವರು ಕೇಳುತ್ತಾರೆ. ನಿಮ್ಮ ಮಾದರಿಗೆ ಈಗಲೂ ನಿಯಮಿತವಾಗಿ ಬರುತ್ತಿದ್ದರೆ ಆಂಡ್ರಾಯ್ಡ್ ಭಾಗ ಹೊಸದಾಗುತ್ತದೆ, ಕರ್ನಲ್‌ಗೂ ಕೆಲವು ದುರಸ್ತಿ ಸಿಗುತ್ತದೆ. ಆದರೆ ಮೋಡೆಮ್ ಮತ್ತು ಸುರಕ್ಷಿತ ವಲಯದ ಫರ್ಮ್‌ವೇರ್‌ಗೆ ತಯಾರಕರ ಡಿಜಿಟಲ್ ಸಹಿ ಬೇಕು. ಅದಿಲ್ಲದೆ ಚಿಪ್ ಅದನ್ನು ಓಡಿಸುವುದೇ ಇಲ್ಲ, ಹಾಗಾಗಿ ಆ ಭಾಗ ಹಳೆಯದಾಗಿಯೇ ಉಳಿಯುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಪ್ಲಾಟ್‌ಫಾರ್ಮ್ ದಿನಾಂಕ ಈ ತಿಂಗಳದ್ದೂ ‘ವೆಂಡರ್’ ದಿನಾಂಕ ಎಷ್ಟೋ ವರ್ಷ ಹಿಂದಿನದ್ದೂ ಇರುವುದು ಇದಕ್ಕೇ. ಜೊತೆಗೆ ಫೋನನ್ನು ಶುರುಮಾಡುವ ತಂತ್ರಾಂಶವಾದ ಬೂಟ್‌ಲೋಡರ್ ಅನ್‌ಲಾಕ್ ಮಾಡಬೇಕಾಗುವುದರಿಂದ ಫೋನು ಕಳೆದುಹೋದಾಗಿನ ರಕ್ಷಣೆ ತಗ್ಗುತ್ತದೆ, ಕೆಲವು ಹಣಕಾಸಿನ ಆ್ಯಪ್‌ಗಳು ಓಡದೆಯೂ ಹೋಗಬಹುದು. ಓದಲು, ಹಾಡು ಕೇಳಲು ಇಟ್ಟುಕೊಳ್ಳುವ ಫೋನಿಗೆ ಒಳ್ಳೆಯ ದಾರಿ, ಹಣಕಾಸಿನ ಫೋನಿಗಲ್ಲ.

ಮುಂದೆ ಕೊಳ್ಳುವ ಫೋನಿನಲ್ಲಿ ನೋಡಬೇಕಾದದ್ದು ಬೆಂಬಲ ಮುಗಿಯುವ ತಿಂಗಳು ಮತ್ತು ವರ್ಷ. 2023ರ ಪಿಕ್ಸೆಲ್ 8 ಮತ್ತು 2024ರ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷದ ಭರವಸೆ ಸಿಗುತ್ತಿದೆ. ಅದು ಸಾಧ್ಯವೇ ಎಂಬುದಕ್ಕೆ ಒಂದು ಸುಳಿವು: 5.10 ಕರ್ನಲ್‌ನೊಂದಿಗೆ ಬಂದಿದ್ದ ಪಿಕ್ಸೆಲ್ 6 ಮತ್ತು 7ಅನ್ನು ಗೂಗಲ್ ಆಮೇಲೆ 6.1ಕ್ಕೆ ಏರಿಸಿತು. ಹಿಂದೆ ಆಗದು ಎನ್ನುತ್ತಿದ್ದ ಕೆಲಸವದು. ಮಾರಿದ ಫೋನಿನ ಕರ್ನಲ್ ಅನ್ನೇ ಬದಲಿಸಬಲ್ಲ ಕಂಪನಿಯ ಏಳು ವರ್ಷದ ಮಾತಿಗೆ ತೂಕ ಹೆಚ್ಚು.

ಹಳೆಯದನ್ನು ಬಿಡುವ ದಿನ ಕೆಲಸಗಳ ಕ್ರಮ ತಪ್ಪಬಾರದು. ಲಾಗಿನ್ ಆಗುವಾಗ ಬೇಕಾಗುವ ಅಂಕಿ ಕೊಡುವ ಅಥೆಂಟಿಕೇಟರ್ ಆ್ಯಪ್‌ನ ಕೋಡ್‌ಗಳನ್ನು ಹೊಸ ಫೋನಿಗೆ ಸಾಗಿಸಿ, ಎರಡರಲ್ಲೂ ಒಂದೇ ಅಂಕಿ ಬರುತ್ತಿದೆಯೇ ಎಂದು ಹೋಲಿಸಿ. ಆಮೇಲೆ ಹಣಕಾಸಿನ ಆ್ಯಪ್‌ಗಳಲ್ಲಿ ಹಳೆಯ ಸಾಧನದ ನೋಂದಣಿ ತೆಗೆಯಿರಿ, ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಗೂಗಲ್ ಖಾತೆ ತೆಗೆಯಿರಿ, ಕೊನೆಗೆ ಫ್ಯಾಕ್ಟರಿ ರೀಸೆಟ್. ಖಾತೆ ತೆಗೆಯದೆ, ಆಂಡ್ರಾಯ್ಡ್ ಶುರುವಾಗುವ ಮುನ್ನ ತೆರೆಯುವ ರಿಕವರಿ ಪರದೆಯ ಮೂಲಕ ರೀಸೆಟ್ ಮಾಡಿದರೆ ಫೋನು ಮತ್ತೆ ಅದೇ ಖಾತೆಯ ಪಾಸ್‌ವರ್ಡ್ ಕೇಳುತ್ತದೆ. ಕೋಡ್ ಸಾಗಿಸದೆ ರೀಸೆಟ್ ಮಾಡಿದರೆ ನಿಮ್ಮ ಖಾತೆಗಳ ಹೊರಗೆ ನೀವೇ ಉಳಿದುಬಿಡುತ್ತೀರಿ.